ಎ4 ಹಾಳೆಗಳಲ್ಲಿ ಎ2 ಪಟ: ಮುದ್ರಿಸಿ ಜೋಡಿಸುವ ಕ್ರಮ

ಮಕ್ಕಳ ಕೋಣೆಯ ಗೋಡೆಗೆಂದು ಎ2 ಅಳತೆಯ ವರ್ಣಮಾಲೆಯ ಪಟವನ್ನು ಪಿಡಿಎಫ್ ರೂಪದಲ್ಲಿ ಪಡೆದು, ಮನೆಯ ಪ್ರಿಂಟರಿನಲ್ಲಿಯೇ ಎ4 ಹಾಳೆಗಳ ಮೇಲೆ ಮುದ್ರಿಸಿ ಅಂಟಿಸಿಕೊಳ್ಳುವವರು ಅನೇಕರಿದ್ದಾರೆ. ಆದರೆ ಹಾಗೆ ಸಿದ್ಧವಾದ ಪಟಗಳಲ್ಲಿ ನಡುವೆ ಬಿಳಿಯ ಗೀಟೊಂದು ಹಾದುಹೋಗಿರುವುದನ್ನೋ, ಅಕ್ಷರದ ತಲೆಕಟ್ಟು ಒಂದೆಡೆಗೂ ಒಡಲು ಮತ್ತೊಂದೆಡೆಗೂ ಸರಿದಿರುವುದನ್ನೋ ನಾನು ಪದೇ ಪದೇ ಕಂಡಿದ್ದೇನೆ. ಇದು ಪ್ರಿಂಟರಿನ ದೋಷವಲ್ಲ. ಪಕ್ಕಪಕ್ಕದ ಎರಡು ಹಾಳೆಗಳಲ್ಲಿಯೂ ಚಿತ್ರದ ಒಂದೇ ಭಾಗವು ಅಚ್ಚಾಗುವಂತೆ ಒಂದು ಸಮಾನ ಪಟ್ಟಿಯನ್ನು ಮೊದಲೇ ಕೇಳಿಕೊಳ್ಳದಿರುವುದು, ಕೇಳಿಕೊಂಡರೂ ಕತ್ತರಿಸುವಾಗ ಅದನ್ನು ಕಳೆದುಕೊಳ್ಳುವುದು, ಇವೆರಡೇ ಇದಕ್ಕೆ ಕಾರಣ.

ಮೊದಲು ಲೆಕ್ಕ. ಎ2 ಎಂದರೆ 420 ಮಿ.ಮೀ. ಅಗಲ, 594 ಮಿ.ಮೀ. ಎತ್ತರ, ಎ4 ಹಾಳೆಯಾದರೋ 210 ಮತ್ತು 297. ಆದುದರಿಂದ ನಾಲ್ಕು ಹಾಳೆ ಸಾಕೆಂದು ತೋರುವುದು ಸಹಜ. ಆದರೆ ಮನೆಯ ಪ್ರಿಂಟರುಗಳು ಸಾಮಾನ್ಯವಾಗಿ ಹಾಳೆಯ ತುದಿಯವರೆಗೆ ಮುದ್ರಿಸುವುದಿಲ್ಲ. ಪ್ರತಿ ಅಂಚಿನಲ್ಲಿ 5 ಮಿ.ಮೀ. ಬಿಳಿಯಾಗಿ ಉಳಿಯುವುದೆಂದು ಭಾವಿಸಿ, ಸಮಾನ ಪಟ್ಟಿಗೆ 10 ಮಿ.ಮೀ. ಬಿಟ್ಟರೆ, ನೀಳವಾಗಿ ಇಟ್ಟ ಎರಡು ಹಾಳೆಗಳಿಂದ ಅಗಲದಲ್ಲಿ 390 ಮಿ.ಮೀ., ಎತ್ತರದಲ್ಲಿ 564 ಮಿ.ಮೀ. ಮಾತ್ರ ದೊರೆಯುತ್ತದೆ. ಪೂರ್ಣ ಅಳತೆಯನ್ನೇ ಬಯಸಿದರೆ ಹಾಳೆಗಳು ಒಂಬತ್ತಾಗುವುವು. ಅವುಗಳಲ್ಲಿ ಐದು ಬಹುಪಾಲು ಖಾಲಿ. ಪಟವನ್ನು ನೂರಕ್ಕೆ 92ರಷ್ಟು ಕುಗ್ಗಿಸಿದರೆ ಅದು ಸುಮಾರು 386 ಮತ್ತು 546 ಮಿ.ಮೀ. ಆಗಿ, ನಾಲ್ಕೇ ಹಾಳೆಗಳಲ್ಲಿ ಅಡಕವಾಗುತ್ತದೆ. ಗೋಡೆಯ ಮೇಲೆ ಈ ವ್ಯತ್ಯಾಸವನ್ನು ಯಾರೂ ಗುರುತಿಸಲಾರರೆಂದೇ ನನ್ನ ಅಭಿಪ್ರಾಯ. ಬಟ್ಟೆ ಹೊಲಿಯುವ ನಮೂನೆಯಂಥ, ಅಳತೆಯೇ ಪ್ರಾಣವಾಗಿರುವ ಕಡತವನ್ನು ಮಾತ್ರ ಎಂದೂ ಕುಗ್ಗಿಸಬಾರದು.

ಕಡತವನ್ನು ಬ್ರೌಸರಿನಲ್ಲಿ ತೆರೆಯದೆ, ಕಂಪ್ಯೂಟರಿನ ಅಡೋಬಿ ಆಕ್ರೊಬ್ಯಾಟ್ ರೀಡರಿನಲ್ಲಿ ತೆರೆದು, ಮುದ್ರಣದ ಆದೇಶ ಕೊಟ್ಟಾಗ ಬರುವ ಚೌಕಟ್ಟಿನಲ್ಲಿ `Poster` ಎಂಬುದನ್ನು ಒತ್ತಿರಿ. `Tile Scale` ಎಂಬಲ್ಲಿ 92 ಎಂದೂ, `Overlap` ಎಂಬಲ್ಲಿ ಅಂಗುಲದ ಲೆಕ್ಕವಿದ್ದರೆ 0.4 ಎಂದೂ ತುಂಬಿರಿ. ಅಲ್ಲಿ ತಾನಾಗಿಯೇ ಇರುವ 0.005 ಅಂಗುಲವು ಕಾಗದದ ದಪ್ಪಕ್ಕೆ ಸಮೀಪವಾದುದು, ಅಂಟಿಸಲು ನಿರುಪಯುಕ್ತ. `Labels` ಎಂಬುದನ್ನು ಗುರುತಿಸಿದರೆ ಪ್ರತಿಯೊಂದು ಹಾಳೆಯ ಸ್ಥಾನವೂ ಅದರ ಅಂಚಿನಲ್ಲಿ ಅಚ್ಚಾಗುತ್ತದೆ. ಪಕ್ಕದ ಮುನ್ನೋಟದಲ್ಲಿ ನಾಲ್ಕು ಹಾಳೆಗಳು ಕಂಡರೆ ಮುಂದುವರಿಯಿರಿ. ಆರು ಕಂಡರೆ ನಿಮ್ಮ ಪ್ರಿಂಟರಿನ ಅಂಚು ಹಿರಿದೆಂದು ತಿಳಿದು, ನಾಲ್ಕಾಗುವವರೆಗೆ ಪ್ರಮಾಣವನ್ನು ಒಂದೊಂದೇ ಅಂಶ ಇಳಿಸಿರಿ.

ಇನ್ನು, ಬಹುಜನರು ಎಡವುವ ಸ್ಥಳ ಕತ್ತರಿ. ಹಾಳೆಗಳು ಹೊರಬಂದೊಡನೆ ನಾಲ್ಕರ ನಾಲ್ಕೂ ಅಂಚುಗಳನ್ನು ಒಪ್ಪವಾಗಿ ಕತ್ತರಿಸಿಬಿಡುವವರಿದ್ದಾರೆ. ಅಂಥವರಲ್ಲಿ ಕೆಲವರು ಬಿಳಿಯ ಅಂಚಿನೊಡನೆ ಸಮಾನ ಪಟ್ಟಿಯನ್ನೂ ತೆಗೆದುಹಾಕಿ, ಅಂಟಿಗೆ ಆಧಾರವೇ ಇಲ್ಲದಂತೆ ಮಾಡಿಕೊಳ್ಳುತ್ತಾರೆ. ನಿಯಮ ಇಷ್ಟೇ: ಒಂದು ಸಂದಿಯಲ್ಲಿ ಒಂದೇ ಹಾಳೆಗೆ ಕತ್ತರಿ, ಅದೂ ಬಿಳಿಯ ಭಾಗಕ್ಕೆ ಮಾತ್ರ. ಮೇಲಿನ ಸಾಲಿನ ಬಲಹಾಳೆಯನ್ನು ತೆಗೆದುಕೊಂಡು, ಅದರ ಎಡ ಅಂಚಿನ ಬಿಳಿಯನ್ನು ಉಕ್ಕಿನ ಅಳತೆಪಟ್ಟಿಗೆ ತಾಗಿಸಿದ ಚಾಕುವಿನಿಂದ, ಚಿತ್ರ ಆರಂಭವಾಗುವ ಗೆರೆಯಲ್ಲಿಯೇ ತೆಗೆಯಿರಿ. ಎಡಹಾಳೆಯ ಬಲ ಅಂಚನ್ನು ಮುಟ್ಟಬೇಡಿರಿ. ಬಲಹಾಳೆಯನ್ನು ಅದರ ಮೇಲೆ ಸರಿಸುತ್ತ ಬಂದರೆ, 10 ಮಿ.ಮೀ. ಚಿತ್ರದ ಮೇಲೆ ಅದೇ ಚಿತ್ರವು ಕೂಡಿ, ಕೆಳಗಿನ ಬಿಳಿಯ ಅಂಚೂ ಮರೆಯಾಗಿ, ಅಂಟಿಗೆ 15 ಮಿ.ಮೀ. ಅಗಲದ ನೆಲೆ ಸಿಗುತ್ತದೆ. ಸರಿಯಾಗಿ ಕೂಡಿತೇ ಎಂಬುದನ್ನು ತಲೆಕಟ್ಟುಗಳೇ ಹೇಳುವುವು: ಸಂದಿಯನ್ನು ದಾಟುವ ಅಕ್ಷರದ ತಲೆಕಟ್ಟು ಮುರಿಯದೆ ಒಂದೇ ಗೆರೆಯಾಗಿ ಸಾಗಬೇಕು. ಮೇಲ್ತುದಿಯಲ್ಲಿ ಕೂಡಿ ಕೆಳತುದಿಯಲ್ಲಿ ಅಗಲಿದರೆ ಹಾಳೆ ಪ್ರಿಂಟರಿನೊಳಗೆ ಓರೆಯಾಗಿ ಸಾಗಿದೆಯೆಂದು ಅರ್ಥ. ಆಗ ಎಳೆದು ಹೊಂದಿಸಲು ಹೋಗದೆ, ಮತ್ತೊಮ್ಮೆ ಮುದ್ರಿಸುವುದೇ ಲೇಸು.

ಕೆಳಸಾಲನ್ನೂ ಹೀಗೆಯೇ ಜೋಡಿಸಿರಿ. ಬಳಿಕ ಅದರ ಮೇಲಂಚಿನ ಬಿಳಿಯನ್ನು ಮಾತ್ರ ಕತ್ತರಿಸಿ, ಮೇಲುಸಾಲಿನ ಕೆಳ ಅಂಚಿನ ಮೇಲೆ ಕೂಡಿಸಿರಿ. ನೀರುಗೋಂದು ಕಾಗದವನ್ನು ಸುಕ್ಕುಗಟ್ಟಿಸುವುದರಿಂದ ಗ್ಲೂ ಸ್ಟಿಕ್ಕನ್ನೇ ಬಳಸಿರಿ. ಇಂಕ್‌ಜೆಟ್ ಮುದ್ರಣವಾದರೆ ಶಾಯಿ ಚೆನ್ನಾಗಿ ಆರಲಿ. ಹೊರ ಅಂಚುಗಳನ್ನು ಕತ್ತರಿಸುವುದು ಎಲ್ಲಕ್ಕೂ ಕೊನೆಯ ಕೆಲಸ.