ಜ್ವರ ಬಿಟ್ಟಾಗಲೇ ಕಣ್ಣು ತೆರೆದಿರಲಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ವಾರ್ಡ್ ಡ್ಯೂಟಿ ಮಾಡುವ ನರ್ಸಿಂಗ್ ವಿದ್ಯಾರ್ಥಿಗಳೇ, ಮಳೆಗಾಲ ಹಿಡಿಯಿತೆಂದರೆ ಡೆಂಗಿ ರೋಗಿಗಳು ನಿಮ್ಮ ಕೈಗೆ ಬಂದೇ ಬರುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರವೇ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಅದಕ್ಕೇ ಹಿರಿಯಳಾಗಿ ನಾಲ್ಕು ಮಾತು ಹೇಳುತ್ತೇನೆ, ಬೇಸರಿಸಬೇಡಿ.

ಮೊದಲನೆಯದು, ಜ್ವರ ಇಳಿದ ಕೂಡಲೇ ನೀವು ನಿರಾಳರಾಗುವ ಚಾಳಿ ಬಿಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಬಿಡುವ ಸಮಯಕ್ಕೇ. ಆಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಈ ಸೋರಿಕೆ 24ರಿಂದ 48 ತಾಸು ಇರುತ್ತದೆ. ಮನೆಯವರು ಮಾತ್ರ 'ಜ್ವರ ಬಿಟ್ಟೈತ್ರಿ ಅಕ್ಕಾರ, ಮನಿಗೆ ಕಳಸ್ರಿ' ಎಂದು ಚೀಲ ಕಟ್ಟುತ್ತಾರೆ. ಅವರನ್ನು ಕೂಡಿಸಿ, ಇನ್ನೆರಡು ದಿನವೇ ಮುಖ್ಯ ಎಂದು ಸಮಾಧಾನದಿಂದ ತಿಳಿಸಿ ಹೇಳಿ.

ಎರಡನೆಯದು ಇನ್‌ಟೇಕ್-ಔಟ್‌ಪುಟ್ ಚಾರ್ಟು. ಡ್ಯೂಟಿ ಮುಗಿಯುವಾಗ ಒಂದೇ ಪೆನ್ನಿನಲ್ಲಿ ಇಡೀ ದಿನದ ಅಂಕಿ ತುಂಬುತ್ತೀರಲ್ಲ, ಅದು ಚಾರ್ಟಲ್ಲ, ಕಟ್ಟುಕತೆ. 'ಚಲೋ ಕುಡದಾರ್ರಿ' ಎಂದರೆ ಸಾಲದು. ರೋಗಿ ಕುಡಿಯುವ ಚರಿಗೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆಂದು ಮೊದಲೇ ಅಳೆದಿಟ್ಟುಕೊಳ್ಳಿ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಎಲ್ಲವನ್ನೂ ಆಗಿಂದಾಗ ಬರೆಯಿರಿ. ದಾಳಿಂಬೆ, ಬೀಟ್‌ರೂಟ್ ರಸ ಈ ದಿನಗಳಲ್ಲಿ ಬೇಡ. ವಾಂತಿ ಕೆಂಪಾದರೆ ರಕ್ತವೋ ರಸವೋ ಗೊತ್ತಾಗದು. ಮೂತ್ರವನ್ನು ಅಳತೆಯ ಪಾತ್ರೆಯಲ್ಲೇ ಹಿಡಿಸಿ. ದೊಡ್ಡವರಿಗೆ ಕಿಲೋ ತೂಕಕ್ಕೆ ತಾಸಿಗೆ ಅರ್ಧ ಮಿಲಿಲೀಟರಾದರೂ ಬರಬೇಕು.

ಒಂದು ಲೆಕ್ಕ ಹಿಡಿಯೋಣ. ಬನಹಟ್ಟಿಯ ನೇಕಾರರೊಬ್ಬರು, 50 ಕಿಲೋ ತೂಕ, ಐದನೆಯ ದಿನ ಜ್ವರ ಬಿಟ್ಟಿದೆ. ನಾಲ್ಕು ತಾಸಿಗೆ 100 ಮಿಲಿಲೀಟರ್ ಮೂತ್ರ ಬರಬೇಕಿತ್ತು, ಬಂದದ್ದು 60. ಪಿಸಿವಿ ನಿನ್ನೆ 38 ಇತ್ತು, ಇಂದು 46. ಅಂದರೆ ಶೇಕಡಾ 20ಕ್ಕಿಂತ ಹೆಚ್ಚು ಏರಿದೆ, ರಕ್ತ ಗಟ್ಟಿಯಾಗುತ್ತಿದೆ. ಬಿಪಿ 110/70 ಇದ್ದದ್ದು 100/80 ಆಗಿದೆ. ಮೇಲಿನ ಅಂಕಿ ನೂರಿದೆಯಲ್ಲ ಎಂದು ಸುಮ್ಮನಾಗಬೇಡಿ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಬರೀ 20. ಅದು ಶಾಕ್ ಬಾಗಿಲಿಗೆ ಬಂದ ಸೂಚನೆ. ಕೈಕಾಲು ಮುಟ್ಟಿ ನೋಡಿ, ತಣ್ಣಗಿದ್ದರೂ ಇಲ್ಲದಿದ್ದರೂ ಆ ಕ್ಷಣವೇ ಡಾಕ್ಟರನ್ನು ಕರೆಯಿರಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು-ಮೂಗಿನಲ್ಲಿ ರಕ್ತ, ಮಂಕುತನ ಅಥವಾ ಚಡಪಡಿಕೆ, ಇವುಗಳಲ್ಲಿ ಯಾವುದೊಂದು ಕಂಡರೂ ರೌಂಡ್ಸ್‌ವರೆಗೆ ಕಾಯುವ ಮಾತಿಲ್ಲ.

ಮೂರನೆಯದು ಪ್ಲೇಟ್‌ಲೆಟ್. ಬೀಗರು ನೆಂಟರೆಲ್ಲ ಕೇಳುವುದು ಅದೊಂದನ್ನೇ. ನೀವೂ ಅವರ ಹಾಗೆ ಆಗಬೇಡಿ. ಒಂದು ದಿನದ ಅಂಕಿಗಿಂತ ಅದು ಯಾವ ದಿಕ್ಕಿಗೆ ಹೊರಟಿದೆ ಎಂಬುದು ಮುಖ್ಯ. ಮೂರು ದಿನದ ಪ್ಲೇಟ್‌ಲೆಟ್, ಪಿಸಿವಿ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಒಂದು ಸರ್ರನೆ ಇಳಿದು ಇನ್ನೊಂದು ಏರಿದರೆ ಸೋರಿಕೆ ನಡೆದಿದೆ. ರಕ್ತಸ್ರಾವವಿಲ್ಲದ ರೋಗಿಗೆ 40,000 ಇದೆಯೆಂದ ಮಾತ್ರಕ್ಕೆ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ. ಏರಿಸಿದರೆ ಸೋರಿಕೆಯೇನೂ ನಿಲ್ಲದು. ಆದರೆ ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಬೇಡಿ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಒಂದೇ ಸಾಕು.

ಕೊನೆಯದು ಸಲೈನ್. ಡಾಕ್ಟರು ಆ ನೇಕಾರರಿಗೆ ತಾಸಿಗೆ 250 ಮಿಲಿಲೀಟರ್ ಬರೆದರೆಂದು ಇಟ್ಟುಕೊಳ್ಳಿ. ಅದು ಮೊದಲ ಒಂದೆರಡು ತಾಸಿನ ಮಾತು. ಆಮೇಲೆ ಮತ್ತೆ ಪಿಸಿವಿ ನೋಡಿ ಇಳಿಸುತ್ತಾರೆ. ಬಾಟಲಿ ಹಚ್ಚಿ ಮರೆಯಬೇಡಿ, ಹನಿ ಎಣಿಸಿ. ಬೆಳಗಿನ ಹೊತ್ತಿಗೆ ಪಿಸಿವಿ 40ಕ್ಕೆ ಇಳಿದು, ನಾಡಿ ತುಂಬಿ, ಮೂತ್ರ ಸರಾಗವಾದರೆ ಅದು ಶುಭ. ಪಿಸಿವಿ ಇಳಿದೂ ಬಿಪಿ ಕುಸಿದು ನಾಡಿ ಓಡುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ. ಅಂಕಿ ಒಂದೇ, ಅರ್ಥ ಎರಡು. ರೋಗಿಯನ್ನು ನೋಡದೆ ರಿಪೋರ್ಟ್ ಓದಬೇಡಿ. ಸೋರಿದ ನೀರು ಆಮೇಲೆ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಸಲೈನ್ ಹರಿಯುತ್ತಿದ್ದರೆ ಕೆಮ್ಮು, ಏದುಸಿರು ಶುರುವಾಗುತ್ತದೆ. ಅತಿಯಾದರೆ ಅಮೃತವೂ ವಿಷ.

ಇಷ್ಟೇ ನನ್ನ ಮಾತು. ನಾಳೆ ವಾರ್ಡಿಗೆ ಹೋದಾಗ ಜ್ವರ ಬಿಟ್ಟ ಡೆಂಗಿ ರೋಗಿಯ ಮಂಚಕ್ಕೇ ಮೊದಲು ಹೋಗಿ, ಕೈ ಹಿಡಿದು ನಾಡಿ ನೋಡಿ, ಮೂತ್ರ ಕೊನೆಗೆ ಯಾವಾಗ ಆಯಿತೆಂದು ಕೇಳಿ, ಆಮೇಲೆ ರಿಪೋರ್ಟ್ ತೆರೆಯಿರಿ.