ಸ್ಟೈಪೆಂಡ್ ಕೊಡುವವರು ಠೇವಣಿ ಕೇಳುವುದಿಲ್ಲ

ಖಾಸಗಿ ಕಂಪನಿಯೊಂದರ ಸಂಬಳ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ವರ್ಷವೂ ಇಂಟರ್ನ್‌ಗಳು ಬರುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ ಖರ್ಚು ಮಾತ್ರ ಇರುತ್ತಿತ್ತು: ಸ್ಟೈಪೆಂಡ್, ಐಡಿ ಕಾರ್ಡ್, ಕ್ಯಾಂಟೀನ್ ಕೂಪನ್. ಅವರಿಂದ ಹಣ ಪಡೆದು ಜಮೆ ಮಾಡಿಕೊಳ್ಳಲು ನಮ್ಮಲ್ಲಿ ಒಂದು ಖಾತೆಯೂ ಇರಲಿಲ್ಲ. ಠೇವಣಿ ತೆಗೆದುಕೊಂಡರೆ ಕಂಪನಿ ಅದಕ್ಕೆ ರಸೀದಿ ಕೊಡಬೇಕು, ತನ್ನ ಬಾಕಿ ಎಂದು ಲೆಕ್ಕಕ್ಕೆ ಹಿಡಿಯಬೇಕು, ಆಡಿಟರ್ ಕೇಳಿದಾಗ ತೋರಿಸಬೇಕು. ಎರಡು ಸಾವಿರ ರೂಪಾಯಿಗೆ ಯಾವ ಕಂಪನಿ ಈ ತಲೆನೋವು ಕಟ್ಟಿಕೊಳ್ಳುತ್ತದೆ?

ಈಚೆಗೆ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ವಾಟ್ಸ್ಆ್ಯಪ್‌ನಲ್ಲಿ ಒಂದು ಆಫರ್ ಲೆಟರ್ ಕಳಿಸಿದಳು. ಮನೆಯಿಂದಲೇ ಕೆಲಸ, ತಿಂಗಳಿಗೆ 12,000 ಸ್ಟೈಪೆಂಡ್, ಸಂದರ್ಶನ ಇಲ್ಲ. ನೋಂದಣಿಗೆ 1,999 ರೂಪಾಯಿ ಕಟ್ಟಿ, ಆಧಾರ್‌ನ ಎರಡೂ ಬದಿ, ಪ್ಯಾನ್ ಮತ್ತು ಸಹಿ ಮಾಡಿದ ಖಾಲಿ ಚೆಕ್ ಕಳಿಸಬೇಕಿತ್ತು. "ಮಾವ, ದುಡ್ಡು ಮೊದಲ ಸ್ಟೈಪೆಂಡ್ ಜೊತೆ ವಾಪಸ್ ಕೊಡ್ತಾರಂತೆ. ಕಂಪನಿ ನಿಜವಾಗಿಯೂ ಇದೆ, ನಾನು ಗೂಗಲ್ ಮಾಡಿದೆ" ಎಂದಳು.

ಕಂಪನಿ ಇದ್ದದ್ದು ನಿಜ. ಪತ್ರದ ಕೆಳಗೆ ಅದರ ನೋಂದಣಿ ಸಂಖ್ಯೆ, ಅಂದರೆ ಸಿಐಎನ್ ಕೂಡ ಇತ್ತು. ಇದು 21 ಅಕ್ಷರ-ಅಂಕಿಗಳ ಸಂಖ್ಯೆ. ಅದರ ನಡುವೆ ಬರುವ KA ಎಂದರೆ ಕರ್ನಾಟಕದಲ್ಲಿ ನೋಂದಣಿ, ಅದರ ಪಕ್ಕದ ನಾಲ್ಕು ಅಂಕಿ ನೋಂದಣಿಯಾದ ವರ್ಷ, PTC ಎಂದರೆ ಪ್ರೈವೇಟ್ ಲಿಮಿಟೆಡ್. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಹುಡುಕಿದರೆ ಹೆಸರು, ವಿಳಾಸ ಎಲ್ಲ ತಾಳೆಯಾದವು. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ, ಮೋಸ ಹೋಗುವುದೂ ಇಲ್ಲಿಯೇ. ಸಿಐಎನ್ ಗುಟ್ಟಿನ ಸಂಖ್ಯೆಯಲ್ಲ. ಯಾರು ಬೇಕಾದರೂ ನಕಲು ಮಾಡಿ ತಮ್ಮ ಪತ್ರಕ್ಕೆ ಅಂಟಿಸಿಕೊಳ್ಳಬಹುದು. ಕಂಪನಿ ಅಸಲಿ ಎಂದು ಗೊತ್ತಾದರೆ ಸಾಲದು, ಪತ್ರ ಆ ಕಂಪನಿಯಿಂದಲೇ ಬಂದಿದೆಯೇ ಎಂಬುದು ಗೊತ್ತಾಗಬೇಕು.

ಅದಕ್ಕೆ ನಾವು ಮೂರು ಕಡೆ ನೋಡಿದೆವು. ಮೊದಲನೆಯದು ಪತ್ರದಲ್ಲಿದ್ದ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗ. ಕಂಪನಿಯ ವೆಬ್‌ಸೈಟಿನ ಹೆಸರೂ ಇದೂ ಅಕ್ಷರಶಃ ಒಂದೇ ಇರಬೇಕು. ಇಲ್ಲಿ ಕಂಪನಿಯ ಹೆಸರಿಗೆ ಒಂದು ಅಡ್ಡಗೆರೆ ಹಾಕಿ careers ಎಂಬ ಪದ ಸೇರಿಸಿದ್ದರು. ಬೇರೆಯವರು ಹಣ ಕೊಟ್ಟು ಕೊಂಡ ಬೇರೆಯೇ ವಿಳಾಸ ಅದು. ಎರಡನೆಯದು ಯುಪಿಐ. ಕಳಿಸಿದ ಐಡಿಯನ್ನು ಆ್ಯಪ್‌ನಲ್ಲಿ ಹಾಕಿದರೆ, ಪಿನ್ ಒತ್ತುವ ಮೊದಲೇ, ಹಣ ಯಾರ ಹೆಸರಿಗೆ ಹೋಗುತ್ತದೆ ಎಂದು ತೋರಿಸುತ್ತದೆ. ಅಲ್ಲಿ ಕಂಪನಿಯ ಹೆಸರಿರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ಮೂರನೆಯದು ಫೋನ್. ಪತ್ರದಲ್ಲಿದ್ದ ನಂಬರಿಗಲ್ಲ, ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿದ್ದ ಲ್ಯಾಂಡ್‌ಲೈನಿಗೆ ಮಾಡಿದೆವು. ಈ ವರ್ಷ ಇಂಟರ್ನ್‌ಗಳನ್ನೇ ತೆಗೆದುಕೊಂಡಿಲ್ಲ ಎಂಬ ಉತ್ತರ ಬಂತು.

ಅಷ್ಟಾದರೂ ಹುಡುಗಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಹಾಗಾದ್ರೆ ಒಂದು ಕೆಲಸ ಮಾಡಮ್ಮ. ಆ ದುಡ್ಡನ್ನ ಮೊದಲ ಸ್ಟೈಪೆಂಡ್‌ನಲ್ಲೇ ಹಿಡ್ಕೊಳ್ಳಿ ಅಂತ ಕೇಳು" ಎಂದೆ. 12,000 ಕೊಡಲಿರುವವರಿಗೆ 1,999 ಕಳೆದು ಉಳಿದ 10,001 ಕೊಡುವುದು ಕಷ್ಟವೇ? ಐದೇ ನಿಮಿಷದಲ್ಲಿ ಉತ್ತರ ಬಂತು: ಕಂಪನಿ ಪಾಲಿಸಿಯಲ್ಲಿ ಅವಕಾಶವಿಲ್ಲ, ಇಂದು ಸಂಜೆ 6ರೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ. ಅವಳೇ ನಂಬರ್ ಬ್ಲಾಕ್ ಮಾಡಿದಳು.

ಇಂಥ ವ್ಯವಹಾರ ಮೊದಲ ಕಂತಿಗೆ ಮುಗಿಯುವುದಿಲ್ಲ. ಕಟ್ಟಿದವರಿಗೆ ಮುಂದೆ ಲ್ಯಾಪ್‌ಟಾಪ್ ಠೇವಣಿ, ಒಪ್ಪಂದಪತ್ರದ ಖರ್ಚು ಎಂದು ಬೇಡಿಕೆ ಬೆಳೆಯುತ್ತದೆ. ಡೇಟಾ ಎಂಟ್ರಿ ಹೆಸರಿನವುಗಳಲ್ಲಿ ಇನ್ನೊಂದು ವರಸೆ ಇದೆ: ಕೆಲಸ ಮಾಡಿಸಿಕೊಂಡು, ತಪ್ಪು ಹೆಚ್ಚಾಗಿವೆ, ಕರಾರು ಮುರಿದಿದ್ದೀರಿ ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸಿ ದಂಡ ಕೇಳುತ್ತಾರೆ. ಹೆದರಿ ಕಟ್ಟಬೇಡಿ.

ಇನ್ನು ದಾಖಲೆಗಳ ವಿಷಯ. ಅಸಲಿ ಕಂಪನಿಗಳೂ ದಾಖಲೆ ಕೇಳುತ್ತವೆ, ಆದ್ದರಿಂದ ಯಾವಾಗ ಕೇಳುತ್ತಾರೆ, ಯಾವುದನ್ನು ಕೇಳುತ್ತಾರೆ ಎಂದು ನೋಡಬೇಕು. ಅರ್ಜಿ ಹಾಕುವಾಗ ರೆಸ್ಯೂಮೆ ಸಾಕು. ಆಯ್ಕೆಯಾಗಿ ಸೇರಿದ ಮೇಲೆ ಸ್ಟೈಪೆಂಡ್ ಹಾಕಲು ನಮಗೆ ಬೇಕಾಗುತ್ತಿದ್ದದ್ದು ಬ್ಯಾಂಕ್ ಖಾತೆಯ ವಿವರ ಮತ್ತು ಪ್ಯಾನ್, ಗುರುತಿಗೆ ಒಂದು ದಾಖಲೆ. ಆಧಾರ್ ಕೊಡಲೇಬೇಕಾದರೆ ಯುಐಡಿಎಐ ತಾಣದಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಕೊಡುವ ಪ್ರತಿಯೊಂದು ಜೆರಾಕ್ಸ್ ಮೇಲೂ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಅಡ್ಡಲಾಗಿ ಬರೆದು ಸಹಿ ಹಾಕಿ. ಮೂಲ ಅಂಕಪಟ್ಟಿ, ಸಹಿ ಮಾಡಿದ ಖಾಲಿ ಚೆಕ್, ಒಟಿಪಿ, ಎಟಿಎಂ ಕಾರ್ಡ್ ಇವನ್ನು ಯಾರಿಗೂ ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಹೊಸ ಖಾತೆ ತೆರೆದು ಅದರ ಪಾಸ್‌ವರ್ಡ್ ಕೊಡಿ ಎಂದರಂತೂ ಅದು ಬೇರೆಯವರಿಂದ ಕದ್ದ ಹಣ ಸಾಗಿಸುವ ದಾರಿ. ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

ಈಗಾಗಲೇ ದಾಖಲೆ ಕಳಿಸಿದ್ದರೆ ಎರಡು ಕಡೆ ಪರೀಕ್ಷಿಸಿಕೊಳ್ಳಿ. sancharsaathi.gov.in ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ಕಾಣುತ್ತದೆ. ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು. ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂಬುದು ಕ್ರೆಡಿಟ್ ವರದಿಯಲ್ಲಿ ಸಿಗುತ್ತದೆ. ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಮೂರು ಮೂರು ತಿಂಗಳಿಗೆ ಒಂದೊಂದರಿಂದ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಹಣ ಕೇಳುವವರೆಲ್ಲ ವಂಚಕರಲ್ಲ ಎಂಬುದನ್ನೂ ಹೇಳಬೇಕು. ಕಾಲೇಜಿನಲ್ಲಿ ಇಂಟರ್ನ್‌ಷಿಪ್‌ಗೆ ಕ್ರೆಡಿಟ್ ಇರುವುದರಿಂದ ತರಬೇತಿ ಕೇಂದ್ರಗಳು ಕೆಲವು ಸಾವಿರಕ್ಕೆ ಕೋರ್ಸ್ ಮಾಡಿಸಿ, ಅದಕ್ಕೆ ಇಂಟರ್ನ್‌ಷಿಪ್ ಎಂದು ಹೆಸರಿಟ್ಟು ಪ್ರಮಾಣಪತ್ರ ಕೊಡುತ್ತವೆ. ಇದು ಟ್ಯೂಷನ್. ರಸೀದಿ ಕೇಳಿ, ಪಾಠದ ವಿವರ ಕೇಳಿ, ಕಾಲೇಜಿನ ಇಂಟರ್ನ್‌ಷಿಪ್ ಸಂಯೋಜಕರು ಆ ಪ್ರಮಾಣಪತ್ರವನ್ನು ಒಪ್ಪುತ್ತಾರೆಯೇ ಎಂದು ಮೊದಲೇ ತಿಳಿದುಕೊಂಡು, ಟ್ಯೂಷನ್ನಿನ ಬೆಲೆ ಸರಿ ಅನ್ನಿಸಿದರೆ ಕಟ್ಟಿ. ಕೆಲಸದ ಅನುಭವ ಸಿಗುತ್ತದೆ ಎಂಬ ಆಸೆಯಿಂದ ಕಟ್ಟಬೇಡಿ.

ಹಣ ಹೋಗಿಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ, ಚಾಟ್ ಅಳಿಸಬೇಡಿ. ಹಣ ಇನ್ನೂ ಅವರ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು. ಒಮ್ಮೆ ಅಲ್ಲಿಂದ ಬೇರೆ ಬೇರೆ ಖಾತೆಗಳಿಗೆ ಹಂಚಿಹೋದರೆ ಸಿಗುವುದು ಕಷ್ಟ. ಅಪ್ಪ ಬೈಯುತ್ತಾರೆ ಎಂದು ಮಕ್ಕಳು ಮುಚ್ಚಿಡುವ ಎರಡು ದಿನಗಳಲ್ಲೇ ಆ ಅವಕಾಶ ಕೈತಪ್ಪುತ್ತದೆ. ಆದ್ದರಿಂದ ಮನೆಯ ಹಿರಿಯರಲ್ಲಿ ಒಂದು ವಿನಂತಿ: ಮಕ್ಕಳು ಬಂದು ಹೇಳಿದರೆ ಮೊದಲು 1930ಕ್ಕೆ ಫೋನ್ ಮಾಡಿ, ಬೈಯುವುದನ್ನು ಆಮೇಲೆ ನೋಡಿಕೊಳ್ಳಿ.