ಹೋಮ್‌ಸ್ಟೇಯ ಬಿಸಿನೀರಿನ ಲೈನಿಗೆ ಪ್ರೆಸ್ಸೋ, ಬ್ರೇಜಿಂಗೋ?

ಆಲ್ದೂರಿನ ನಿಮ್ಮ ಹಳೇ ಮನೆಗೆ ಮರದ ಮುಚ್ಚಿಗೆ ಇದೆ ಎಂದು ಬರೆದಿದ್ದೀರಿ. ಹಾಗಾದರೆ ಕೋಣೆಗಳೊಳಗೆ ಗ್ಯಾಸ್ ಜ್ವಾಲೆ ಬೇಡ, 28 ಮಿ.ಮೀ. ತಾಮ್ರದ ಲೈನನ್ನು ಪ್ರೆಸ್ ಮಾಡಿಸಿ. ಸೌದೆ ಬಾಯ್ಲರಿನಿಂದ ಹೊರಡುವ ಮೊದಲ ತುಂಡು ಮಾತ್ರ ಬ್ರೇಜಿಂಗ್ ಆಗಲಿ. ಸಾಮಾನ್ಯ ಪ್ರೆಸ್ ಫಿಟ್ಟಿಂಗಿನ ರಬ್ಬರ್ ರಿಂಗ್ ಸುಮಾರು 110 ಡಿಗ್ರಿವರೆಗೆ ತಾಳುತ್ತದೆ, ಆದರೆ ಸೌದೆಯ ಉರಿ ಹೇಳಿದ ಮಾತು ಕೇಳುವುದಿಲ್ಲ. ಬ್ರೇಜಿಂಗ್ ಮೊದಲು ಮುಗಿದು, ಪೈಪ್ ಪೂರ್ತಿ ತಣ್ಣಗಾದ ಮೇಲೆಯೇ ಪ್ರೆಸ್ ಕೆಲಸ ಶುರುವಾಗಲಿ.

ಬಾಡಿಗೆ ಯಂತ್ರ ತರುವಾಗ ಅದರ ದವಡೆಯ ಅಳತೆಯ ಜೊತೆಗೆ ಅಚ್ಚಿನ ಆಕಾರವೂ ಫಿಟ್ಟಿಂಗ್ ಕಂಪನಿ ಹೇಳಿದ್ದೇ ಇರಬೇಕು. ಆಕಾರ ಬೇರೆಯಾದರೆ ಜೋಡಣೆ ಹೊರನೋಟಕ್ಕೆ ಸರಿಯಾಗಿ ಕಂಡರೂ ಒಳಗೆ ಹಿಡಿತ ಇರುವುದಿಲ್ಲ.

ಪೈಪ್ ಕತ್ತರಿಸಿದ ಮೇಲೆ ಅಂಚಿನ ಮುಳ್ಳನ್ನು ಒಳಗೂ ಹೊರಗೂ ಕೆರೆಸಿ, ಇಲ್ಲದಿದ್ದರೆ ರಿಂಗ್ ಸೀಳುತ್ತದೆ. ಪೈಪ್ ಎಷ್ಟು ಒಳಹೋಗಬೇಕೋ ಅಷ್ಟಕ್ಕೆ ಮಾರ್ಕರ್ ಗೆರೆ ಎಳೆಸಿ. ನಿಮ್ಮ ತಪಾಸಣೆಗೆ ಆ ಗೆರೆಯೇ ಆಧಾರ: ಪ್ರೆಸ್ ಆದ ಮೇಲೂ ಅದು ಫಿಟ್ಟಿಂಗಿನ ಬಾಯಿಗೆ ತಾಗಿಕೊಂಡೇ ಇರಬೇಕು. ಬೆರಳಗಲ ಈಚೆಗೆ ಕಂಡರೆ ಪೈಪ್ ಜಾರಿದೆ, ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿಸಿ.

ಗೋಡೆ ಮುಚ್ಚುವ ಮೊದಲು ಕಡಿಮೆ ಒತ್ತಡದಲ್ಲಿ ನೀರು ತುಂಬಿಸಿ. ಸೋರಿಕೆ ತೋರುವ ಬಗೆಯ ಫಿಟ್ಟಿಂಗಾದರೆ, ಪ್ರೆಸ್ ಮಾಡಲು ಮರೆತದ್ದು ಆಗಲೇ ತೊಟ್ಟಿಕ್ಕುತ್ತದೆ. ಆಮೇಲೆ ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ ಗೇಜ್ ನೋಡಿ.